ಜಾಗ ಬದಲಾಗಿದೆ, ಸಮಯ ಅದೇ

ಬೆಂಗಳೂರಿನಲ್ಲಿ ಪುಸ್ತಕ ಚರ್ಚೆ, ಉಪನ್ಯಾಸಗಳನ್ನು ನಡೆಸುವ ಒಂದು ಸಣ್ಣ ಬಳಗದ ಓಡಾಟದ ಕೆಲಸವೆಲ್ಲ ಬಹಳ ಕಾಲದಿಂದ ನನ್ನ ಪಾಲಿಗಿದೆ. ಸಭಾಂಗಣ ಗೊತ್ತು ಮಾಡುವುದು, ಆಹ್ವಾನ ಕಳುಹಿಸುವುದು, ಭಾಷಣಕಾರರನ್ನು ಕರೆತರುವುದು, ದೂರದವರಿಗೆ ಆನ್‌ಲೈನ್ ಲಿಂಕ್ ಕೊಡುವುದು ಎಲ್ಲ ಇದರಲ್ಲೇ ಬಂತು. ಈ ಕೆಲಸದಲ್ಲಿ ಅತಿ ಕಷ್ಟದ್ದು ಕಾರ್ಯಕ್ರಮ ಶುರುವಾಗಲು ಒಂದೆರಡು ಗಂಟೆಯಿರುವಾಗ ಜಾಗವೋ ಲಿಂಕೋ ಬದಲಾಗುವುದು. ಅದರ ಪಾಠಗಳನ್ನು ಎರಡು ಪ್ರಸಂಗಗಳ ಮೂಲಕ ಬರೆಯುತ್ತಿದ್ದೇನೆ.

ಮೊದಲನೆಯದು ಒಂದು ಭಾನುವಾರದ್ದು. ಗಾಂಧಿ ಬಜಾರಿನ ಹತ್ತಿರದ ಸಭಾಂಗಣದಲ್ಲಿ 10.30ಕ್ಕೆ ಪುಸ್ತಕ ಚರ್ಚೆಯಿತ್ತು. 8.50ಕ್ಕೆ ಅಲ್ಲಿನ ಕಾವಲುಗಾರರ ಫೋನ್ ಬಂತು: ರಾತ್ರಿಯ ಮಳೆಗೆ ನೆಲಮಾಳಿಗೆಗೆ ನೀರು ನುಗ್ಗಿ ಕರೆಂಟಿನ ಬೋರ್ಡು ನೆನೆದಿದೆ, ಮಧ್ಯಾಹ್ನದವರೆಗೆ ಏನೂ ಆಗುವುದಿಲ್ಲ. ಎರಡನೆಯದು ಸಂಜೆ 7.30ರ ಆನ್‌ಲೈನ್ ಉಪನ್ಯಾಸ. ಅದರ ಝೂಮ್ ಖಾತೆ ಯಾರ ಹೆಸರಿನಲ್ಲಿತ್ತೋ ಆ ಗೆಳೆಯರು ಸಕಲೇಶಪುರದ ಘಾಟಿ ಇಳಿಯುತ್ತಿದ್ದ ರೈಲಿನಲ್ಲಿದ್ದರು, ನೆಟ್‌ವರ್ಕ್ ಇರಲಿಲ್ಲ. 7.05ಕ್ಕೆ ಸಭೆಯ ಬಾಗಿಲು ತೆರೆಯಬಲ್ಲವರು ಯಾರೂ ನಮ್ಮ ಕೈಗೆ ಸಿಗಲಿಲ್ಲ.

1. ಹೊಸ ಬಾಗಿಲು ತೆರೆದದ್ದನ್ನು ಒಬ್ಬರು ಕಣ್ಣಾರೆ ನೋಡುವವರೆಗೆ ಸಂದೇಶ ಕಳುಹಿಸಬೇಡಿ

ಸುದ್ದಿ ಕೇಳಿದ ಕೂಡಲೇ ಎಲ್ಲರಿಗೂ ತಿಳಿಸಿಬಿಡೋಣ ಅನ್ನಿಸುತ್ತದೆ. ಅಂದು ನಮ್ಮಲ್ಲೊಬ್ಬರು 9 ಗಂಟೆಗೇ ‘ಜಾಗ ಬದಲಾಗಬಹುದು, ಸ್ವಲ್ಪ ಹೊತ್ತಿನಲ್ಲಿ ತಿಳಿಸುತ್ತೇವೆ’ ಎಂದು ಹಾಕೋಣ ಎಂದರು. ನಾನು ತಡೆದೆ. ಅಂಥ ಸಂದೇಶ ಓದಿದವರಲ್ಲಿ ಅರ್ಧದಷ್ಟು ಜನ ಮನೆಯಲ್ಲೇ ಉಳಿಯುತ್ತಾರೆ, ಉಳಿದವರು ಫೋನ್ ಮಾಡಲು ಶುರುಮಾಡುತ್ತಾರೆ. ಆಮೇಲೆ ಹೊಸ ಜಾಗ ಹುಡುಕಬೇಕಾದವರ ಫೋನು ಬಿಡುವಾಗುವುದೇ ಇಲ್ಲ.

ಜಯನಗರ 4ನೇ ಬ್ಲಾಕಿನ ಒಂದು ಶಾಲೆಯ ಸಭಾಂಗಣ ಸಿಕ್ಕಿತು. ಮುಖ್ಯೋಪಾಧ್ಯಾಯರು ಒಪ್ಪಿದ್ದು 9.02ಕ್ಕೆ. ಆದರೆ ಒಪ್ಪಿಗೆಯೇ ಬೀಗದ ಕೈ ಅಲ್ಲ. ಹತ್ತಿರದಲ್ಲಿ ಮನೆಯಿದ್ದ ಒಬ್ಬರು ಸ್ಕೂಟರಿನಲ್ಲಿ ಹೋಗಿ ಗೇಟು ತೆಗೆಸಿ, ಮೈಕು ಹಾಕಿ ನೋಡಿ, ಕುರ್ಚಿ ಎಷ್ಟಿವೆ, ಶೌಚಾಲಯದ ಬೀಗ ತೆಗೆದಿದೆಯೇ, ಮೆಟ್ಟಿಲು ಹತ್ತಲಾಗದವರು ಯಾವ ಕಡೆಯಿಂದ ಒಳಗೆ ಬರಬಹುದು ಎಂಬುದನ್ನೆಲ್ಲ ನೋಡಿ ಫೋನ್ ಮಾಡಿದರು. ಆಗ 9.16. ಆ ಹೊತ್ತಿಗೆ ಸಂದೇಶ ಬರೆದು ಸಿದ್ಧವಾಗಿತ್ತು, ಎರಡೇ ನಿಮಿಷದಲ್ಲಿ ಹೊರಟಿತು. ಈ ಹದಿನಾಲ್ಕು ನಿಮಿಷದ ಕಾಯುವಿಕೆ ಸಾರ್ಥಕವೆಂದೇ ನನ್ನ ನಂಬಿಕೆ. ಒಮ್ಮೆ ಬದಲಾದದ್ದನ್ನು ಜನ ಸಹಿಸುತ್ತಾರೆ. ಎರಡು ಸಲ ಬದಲಾದರೆ ಯಾವ ಸಂದೇಶ ಕೊನೆಯದು ಎಂಬುದೇ ಯಾರಿಗೂ ತಿಳಿಯುವುದಿಲ್ಲ.

ಆನ್‌ಲೈನ್ ಸಭೆಗೂ ಇದೇ ಮಾತು. ಅವಸರದಲ್ಲಿ ಯಾರದೋ ಉಚಿತ ಖಾತೆಯಿಂದ ಲಿಂಕ್ ತೆರೆದರೆ ಅದು ಎಷ್ಟು ಹೊತ್ತು ಬಾಳುತ್ತದೆ ಎಂದು ಮೊದಲು ನೋಡಬೇಕು. ಝೂಮ್‌ನ ಉಚಿತ ಖಾತೆಯ ಸಭೆ 40 ನಿಮಿಷಕ್ಕೆ ಮುಗಿಯುತ್ತದೆ. ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿ ಮೂವರು ಅಥವಾ ಹೆಚ್ಚು ಜನರಿದ್ದರೆ 60 ನಿಮಿಷ. ಒಂದೂವರೆ ಗಂಟೆಯ ಉಪನ್ಯಾಸಕ್ಕೆ ಅಂಥ ಲಿಂಕ್ ಕೊಟ್ಟರೆ ಭಾಷಣದ ನಡುವೆ ಮತ್ತೊಂದು ಬದಲಾವಣೆಯನ್ನು ನಾವೇ ತಂದುಕೊಂಡಂತೆ. ಅಂದು 7.12ಕ್ಕೆ ಹಣ ಕಟ್ಟಿದ್ದ ಖಾತೆಯೊಂದರಿಂದ ಮೀಟ್ ತೆರೆದು, ನಮ್ಮವರಲ್ಲದ ಇನ್ನೊಬ್ಬರ ಫೋನಿನಿಂದ ಒಳಗೆ ಹೋಗಿ ನೋಡಿದೆವು. ತೆರೆದವರ ಫೋನಿನಲ್ಲಿ ಎಲ್ಲ ಲಿಂಕೂ ತೆರೆಯುತ್ತದೆ, ಹೊರಗಿನವರು ಬಾಗಿಲಲ್ಲೇ ನಿಲ್ಲುತ್ತಾರೋ ಎಂಬುದು ಆಗ ಮಾತ್ರ ಗೊತ್ತಾಗುತ್ತದೆ.

2. ಮನೆಯಲ್ಲಿರುವವರಿಗಿಂತ ಮೊದಲು ಹೊರಟವರಿಗೆ ಹೇಳಿ

ಯಾರಿಗೆ ಮೊದಲು ಹೇಳಬೇಕು ಎನ್ನುವುದನ್ನು ಬಳಗದಲ್ಲಿ ಯಾರು ದೊಡ್ಡವರು ಎಂದು ನೋಡಿ ನಿರ್ಧರಿಸಬಾರದು, ಯಾರು ಆಗಲೇ ದಾರಿಯಲ್ಲಿದ್ದಾರೆ ಎಂದು ನೋಡಬೇಕು. ಭಾಷಣಕಾರರು ಮೊದಲು, ಅದೂ ಅವರನ್ನು ಕರೆತರುತ್ತಿರುವವರ ಫೋನಿಗೆ. ಆಮೇಲೆ ತುಮಕೂರು, ಮೈಸೂರು, ಕೋಲಾರದಿಂದ ಬೆಳಿಗ್ಗೆಯೇ ಬಸ್ಸೋ ರೈಲೋ ಹತ್ತಿದವರು. ಆಮೇಲೆ ಸಾಮಾನು ತರುವವರು. ಅವರನ್ನು ಮರೆಯುವುದು ಸುಲಭ. ಉಪ್ಪಿಟ್ಟು, ಕಾಫಿ ತರುವವರು, ಪುಸ್ತಕ ಮಾರಾಟಕ್ಕೆ ಇಡುವವರು, ವಿಡಿಯೊ ಮಾಡುವವರು ಎಲ್ಲರಿಗಿಂತ ಮುಂಚೆ ಜಾಗಕ್ಕೆ ಬಂದುಬಿಡುತ್ತಾರೆ, ಆದರೆ ಅವರ ಹೆಸರು ಸಭಿಕರ ಗುಂಪಿನಲ್ಲಿ ಇರುವುದಿಲ್ಲ. ಹಳೆಯ ಸಭಾಂಗಣದ ಮುಂದೆ ಕಾಫಿ ಫ್ಲಾಸ್ಕು, ಪುಸ್ತಕದ ಕಟ್ಟು ಇಳಿಸಿದ್ದನ್ನು ನೋಡಿದವರಿಗೆ ಕಾರ್ಯಕ್ರಮ ಇಲ್ಲೇ ಎಂದು ಖಾತರಿಯಾಗುತ್ತದೆ. ಆಮೇಲೆ ನಾವು ಏನು ಹೇಳಿದರೂ ತಿದ್ದುವುದು ಕಷ್ಟ.

ದಾರಿಯಲ್ಲಿರುವವರಿಗೆ ಫೋನ್ ಮಾಡಲೇಬೇಕು, ಸಂದೇಶ ಸಾಲದು. ಸ್ಕೂಟರ್ ಓಡಿಸುವವರು ವಾಟ್ಸ್ಯಾಪ್ ನೋಡುವುದು ಇಳಿದ ಮೇಲೆಯೇ. ಕೀಪ್ಯಾಡ್ ಫೋನಿನ ಹಿರಿಯರು ನಮ್ಮ ಸಭೆಗಳಿಗೆ ತಪ್ಪದೆ ಬರುವವರು, ಅವರ ಹತ್ತಿರ ವಾಟ್ಸ್ಯಾಪೇ ಇಲ್ಲ. ಅವರ ಹೆಸರುಗಳ ಪಟ್ಟಿ ಬೇರೆಯಾಗಿ, ಕಾಗದದ ಮೇಲೆ ಇರಬೇಕು. ಅಂದು ಮೂವರು ಆ ಪಟ್ಟಿಯನ್ನು ಹಂಚಿಕೊಂಡೆವು.

ಫೋನಿನಲ್ಲಿ ಆಡಬೇಕಾದ ಮಾತು ಚಿಕ್ಕದಿರಬೇಕು. ಮಳೆ, ನೆಲಮಾಳಿಗೆ, ಬೋರ್ಡು ಎಂದು ಕಥೆ ಹೇಳಲು ಕೂತರೆ ಒಬ್ಬರಿಗೇ ನಾಲ್ಕು ನಿಮಿಷ ಹೋಗುತ್ತದೆ. ‘ನಮಸ್ಕಾರ ಸರ್, ಇವತ್ತಿನ ಕಾರ್ಯಕ್ರಮ ಜಯನಗರ 4ನೇ ಬ್ಲಾಕಿನಲ್ಲಿದೆ, ಗಾಂಧಿ ಬಜಾರಿನಲ್ಲಲ್ಲ. ಸಮಯ ಅದೇ. ಈಗ ಎಲ್ಲಿದ್ದೀರಿ?’ ಇಷ್ಟು ಸಾಕು. ಕೊನೆಯ ಪ್ರಶ್ನೆ ಬಹಳ ಮುಖ್ಯ, ಯಾಕೆಂದರೆ ಅವರು ಎಲ್ಲಿದ್ದಾರೆ ಎಂದು ತಿಳಿದರೆ ಯಾವ ಬಸ್ಸು, ಯಾವ ಮೆಟ್ರೊ ಎಂದು ಹೇಳಬಹುದು. ಫೋನಿಡುವ ಮೊದಲು ಜಾಗದ ಹೆಸರನ್ನು ಅವರ ಬಾಯಿಂದಲೇ ಒಮ್ಮೆ ಹೇಳಿಸಿಕೊಳ್ಳುತ್ತೇನೆ. ಅಂದು ಒಬ್ಬ ಹಿರಿಯರು ‘ನಾಲ್ಕನೇ ಟಿ ಬ್ಲಾಕು ತಾನೇ?’ ಎಂದರು. ಜಯನಗರದಲ್ಲಿ 4ನೇ ಬ್ಲಾಕ್ ಬೇರೆ, 4ನೇ ಟಿ ಬ್ಲಾಕ್ ಬೇರೆ. ಹೇಳಿಸಿಕೊಳ್ಳದಿದ್ದರೆ ಅವರು ಆಟೊ ಹಿಡಿದು ಅಲ್ಲಿಗೇ ಹೋಗುತ್ತಿದ್ದರು.

3. ಹೊಸ ಜಾಗದ ಹೆಸರು ಮೊದಲ ಸಾಲಿನಲ್ಲಿರಲಿ, ಹಳೆಯದು ಕೆಳಗೆ ಬರಲಿ

ಅಂದು ನಾವು ಕಳುಹಿಸಿದ ಸಂದೇಶ ಹೀಗಿತ್ತು:

ಜಯನಗರ 4ನೇ ಬ್ಲಾಕಿನ ಶಾಲಾ ಸಭಾಂಗಣಕ್ಕೆ ಬನ್ನಿ.
ಪುಸ್ತಕ ಚರ್ಚೆ, ಭಾನುವಾರ, ಆಗಸ್ಟ್ 10, ಬೆಳಿಗ್ಗೆ 10.30. ಸಮಯ ಅದೇ, ಭಾಷಣಕಾರರೂ ಅವರೇ.
ಗಾಂಧಿ ಬಜಾರಿನ ಸಭಾಂಗಣದಲ್ಲಿ ಕರೆಂಟ್ ಇಲ್ಲ, ಹಾಗಾಗಿ ಜಾಗ ಮಾತ್ರ ಬದಲಾಗಿದೆ.
ಮೆಟ್ರೊ: ಹಸಿರು ಮಾರ್ಗ, ಜಯನಗರ ನಿಲ್ದಾಣ. ಮೆಜೆಸ್ಟಿಕ್ ಕಡೆಯಿಂದ ಬರುವವರಿಗೆ ನ್ಯಾಷನಲ್ ಕಾಲೇಜು ದಾಟಿ ಮೂರನೆಯದು. ಅಲ್ಲಿಂದ ಆಟೊ.
ಕೆಳಗಿನ ಮ್ಯಾಪ್ ಒತ್ತಿ.
ದಾರಿ ತಿಳಿಯದಿದ್ದರೆ ಈ ಎರಡು ನಂಬರುಗಳಿಗೆ ಫೋನ್ ಮಾಡಿ.
ಕಳುಹಿಸಿದ್ದು: ಬೆಳಿಗ್ಗೆ 9.18

ಇದರ ಒಂದೊಂದು ಸಾಲಿಗೂ ಕಾರಣವಿದೆ. ಫೋನಿನ ಪರದೆಯ ಮೇಲೆ ಸಂದೇಶ ಮಿನುಗಿದಾಗ ಕಾಣುವುದು ಮೊದಲ ಸಾಲು ಮಾತ್ರ. ‘ಆತ್ಮೀಯರೇ, ಅನಿವಾರ್ಯ ಕಾರಣಗಳಿಂದ ಗಾಂಧಿ ಬಜಾರಿನ ಸಭಾಂಗಣದಲ್ಲಿ ನಡೆಯಬೇಕಿದ್ದ’ ಎಂದು ಶುರುಮಾಡಿದರೆ ಕಣ್ಣಿಗೆ ಬೀಳುವುದು ಹಳೆಯ ಜಾಗವೇ, ಓದುವವರು ನೆನಪೋಲೆ ಬಂತು ಎಂದುಕೊಂಡು ಮುಚ್ಚುತ್ತಾರೆ. ಹಾಗೆಂದು ಹಳೆಯ ಜಾಗದ ಹೆಸರನ್ನು ಪೂರ್ತಿ ಕೈಬಿಡಲೂ ಆಗದು. ಈ ಸಂದೇಶ ಹತ್ತು ಕಡೆ ಫಾರ್ವರ್ಡ್ ಆಗುತ್ತದೆ, ಯಾವ ಕಾರ್ಯಕ್ರಮದ ಮಾತಿದು ಎಂದು ಅಲ್ಲಿಯವರಿಗೆ ತಿಳಿಯಬೇಕು. ‘ಇಂದು’ ಎಂದು ಬರೆದರೆ ನಾಳೆ ಓದಿದವರಿಗೆ ಅದು ನಾಳೆಯೇ. ಆದ್ದರಿಂದ ವಾರ, ತಾರೀಖು ಬೇಕು. ಕಳುಹಿಸಿದ ಗಂಟೆಯನ್ನು ಒಳಗೇ ಬರೆಯುವುದೂ ಇದಕ್ಕೇ, ಫಾರ್ವರ್ಡ್ ಆದ ಸಂದೇಶದ ಪಕ್ಕ ಕಾಣುವ ಗಂಟೆ ಫಾರ್ವರ್ಡ್ ಮಾಡಿದವರದು.

‘ರದ್ದು’, ‘ಮುಂದೂಡಿಕೆ’ ಎಂಬ ಪದಗಳನ್ನು ನಾನು ಯಾವ ರೂಪದಲ್ಲೂ ಹಾಕುವುದಿಲ್ಲ. ‘ಕಾರ್ಯಕ್ರಮ ರದ್ದಾಗಿಲ್ಲ’ ಎಂದು ಬರೆದರೂ ಓಡುವ ಕಣ್ಣಿಗೆ ಬೀಳುವುದು ‘ರದ್ದು’ ಒಂದೇ. ಸಮಯವನ್ನೂ ಜಾಗದ ಜೊತೆಗೇ ಬದಲಿಸುವುದಿಲ್ಲ. ಎರಡು ಸಂಗತಿ ಒಟ್ಟಿಗೆ ಬದಲಾದರೆ ಜನರ ನೆನಪಿನಲ್ಲಿ ಒಂದು ಉಳಿಯುತ್ತದೆ, ಒಂದು ಜಾರುತ್ತದೆ. ಅಂದು ಎಲ್ಲರಿಗೂ 10.30 ಎಂದೇ ಹೇಳಿ, ಹಾಡು, ಸ್ವಾಗತ, ಪುಸ್ತಕದ ಪರಿಚಯವನ್ನು ಹಿಗ್ಗಿಸಿ, ಮುಖ್ಯ ಭಾಷಣವನ್ನು 11ಕ್ಕೆ ಇಟ್ಟೆವು. ಆ ಬದಲಾವಣೆ ತಿಳಿಯಬೇಕಾದದ್ದು ಭಾಷಣಕಾರರಿಗೆ ಮಾತ್ರ.

ಲಿಂಕಿನ ವಿಷಯದಲ್ಲಿ ಕನ್ನಡದಲ್ಲಿ ಬರೆಯುವವರು ನೋಡಿಕೊಳ್ಳಬೇಕಾದ ಒಂದು ಸಣ್ಣ ಅಂಶವಿದೆ. ಲಿಂಕಿನ ಬಾಲಕ್ಕೆ ‘ನಲ್ಲಿ’, ‘ಗೆ’ ಎಂದು ಪ್ರತ್ಯಯ ಅಂಟಿಸಿದರೆ ಅದೂ ವಿಳಾಸದ ಭಾಗವಾಗಿ ಲಿಂಕ್ ಕೆಡಬಹುದು. ಲಿಂಕ್ ತನ್ನದೇ ಸಾಲಿನಲ್ಲಿ, ಹಿಂದೆ ಮುಂದೆ ಏನೂ ಇಲ್ಲದೆ ಇರಲಿ. ಚಿತ್ರರೂಪದ ಆಹ್ವಾನ ಪತ್ರಿಕೆಯನ್ನೇ ತಿದ್ದಿ ಕಳುಹಿಸುವ ಅಭ್ಯಾಸ ಬಹಳ ಕಡೆ ಇದೆ. ನೋಡಲು ಚೆನ್ನ, ಆದರೆ ಚಿತ್ರದೊಳಗಿನ ಲಿಂಕನ್ನು ಒತ್ತಲಾಗದು. ಜೊತೆಗೆ, ಹಳೆಯ ಚಿತ್ರವೂ ಹೊಸ ಚಿತ್ರವೂ ಒಂದೇ ಬಣ್ಣ, ಒಂದೇ ಫೋಟೊ ಹೊತ್ತು ಗುಂಪುಗಳಲ್ಲಿ ಸುತ್ತುತ್ತಿದ್ದರೆ ಯಾವುದು ನಿಜ ಎಂದು ತಿಳಿಯುವುದು ಹೇಗೆ? ಬರಹವೇ ಮೇಲು.

4. ಕಳುಹಿಸಿದ್ದಕ್ಕೂ ತಲುಪಿದ್ದಕ್ಕೂ ಇರುವ ಅಂತರವನ್ನು ಹತ್ತು ನಿಮಿಷಕ್ಕೊಮ್ಮೆ ನೋಡಿ

ವಾಟ್ಸ್ಯಾಪ್ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು, ಆದರೆ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಹೊಸದಾಗಿ ಹೆಸರು ಕೊಟ್ಟವರು ಉಳಿಸಿಕೊಂಡಿರುವುದು ಅಪರೂಪ. ಹಾಗಾಗಿ ಆ ಕಾರ್ಯಕ್ರಮಕ್ಕೆಂದೇ ಒಂದು ಗುಂಪು ಇದ್ದರೆ ಒಳ್ಳೆಯದು. ಸಂದೇಶ ಹಾಕುವ ಮೊದಲು ಗುಂಪಿನ ಸೆಟ್ಟಿಂಗಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಮಾಡಿ, ಸಂದೇಶವನ್ನು ಪಿನ್ ಮಾಡಬೇಕು. ಇಲ್ಲದಿದ್ದರೆ ‘ಸರಿ’, ‘ಧನ್ಯವಾದ’, ಹೂಗುಚ್ಛಗಳ ನಡುವೆ ವಿಳಾಸ ಮೇಲೆ ಸರಿದು ಕಣ್ಮರೆಯಾಗುತ್ತದೆ.

ಆಮೇಲೆ ಆ ಸಂದೇಶವನ್ನು ಒತ್ತಿ ಹಿಡಿದು ಅದರ ಮಾಹಿತಿ ತೆರೆದರೆ ಯಾರು ಓದಿದ್ದಾರೆ, ಯಾರಿಗೆ ತಲುಪಿದೆ ಎಂಬ ಎರಡು ಪಟ್ಟಿ ಕಾಣುತ್ತದೆ. ಎರಡರಲ್ಲೂ ಇಲ್ಲದವರ ಫೋನಿನಲ್ಲಿ ಇಂಟರ್‌ನೆಟ್ ಇಲ್ಲ ಎಂದರ್ಥ, ಅವರಿಗೆ ಮೊದಲು ಫೋನ್ ಮಾಡಬೇಕು. ಓದಿದ ಗುರುತು ಕಾಣದಂತೆ ಮಾಡಿಕೊಂಡವರೂ ಕೆಲವರಿರುತ್ತಾರೆ, ಗುಂಪಿನ ಸಂದೇಶಗಳಲ್ಲಿ ಮಾತ್ರ ಅದು ಕಾಣುತ್ತದೆ. ಗುಂಪೇ ಬೇಕು ಎನ್ನಲು ಇದೂ ಒಂದು ಕಾರಣ. ಅಂದು 9.30ಕ್ಕೆ ನೋಡಿದಾಗ ತಲುಪದವರ ಸಂಖ್ಯೆ ಕೈಬೆರಳಲ್ಲಿ ಎಣಿಸುವಷ್ಟು, ಓದದವರ ಸಂಖ್ಯೆ ಅದರ ಮೂರು ನಾಲ್ಕು ಪಟ್ಟು ಇತ್ತು. ಕಾಗದದ ಪಟ್ಟಿಯ ಮುಂದೆ ಟಿಕ್ ಹಾಕುತ್ತ ಹೋದರೆ ಕೆಲಸ ನೆಮ್ಮದಿಯಿಂದ ಸಾಗುತ್ತದೆ.

ಇಮೇಲ್ ಕಳುಹಿಸುವುದಾದರೆ ಹಳೆಯ ಆಹ್ವಾನಕ್ಕೇ ಉತ್ತರವಾಗಿ ಕಳುಹಿಸಬೇಡಿ. ವಿಷಯದ ಸಾಲು ಅದೇ ಇದ್ದರೆ ಜಿಮೇಲ್ ಅದನ್ನು ಹಳೆಯ ಓಲೆಯ ಜೊತೆಗೇ ಮಡಚಿಡುತ್ತದೆ, ಹೊಸದು ಬಂದದ್ದು ಗಮನಕ್ಕೆ ಬಾರದೆ ಹೋಗಬಹುದು. ವಿಷಯದ ಸಾಲಿನಲ್ಲೇ ಹೊಸ ಜಾಗ ಬರೆದು ಬೇರೆ ಓಲೆಯಾಗಿ ಕಳುಹಿಸಿ.

ನೂರಾರು ಜನರಿಗೆ ಒಮ್ಮೆಲೇ ಎಸ್‌ಎಂಎಸ್ ಮಾಡೋಣ ಎಂದು ಕೆಲವರು ಸೂಚಿಸುತ್ತಾರೆ. ಸಂಸ್ಥೆಯ ಹೆಸರಿನಲ್ಲಿ ಅದು ಅಂದಂದೇ ಆಗುವ ಕೆಲಸವಲ್ಲ. ಸಂಸ್ಥೆ, ಕಳುಹಿಸುವ ಹೆಸರು, ಸಂದೇಶದ ಮಾದರಿ ಎಲ್ಲವೂ ಮೊದಲೇ ನೋಂದಣಿಯಾಗಿರಬೇಕೆಂದು ಟ್ರಾಯ್ ನಿಯಮವಿದೆ. 2024ರ ಅಕ್ಟೋಬರಿನಿಂದ ಸಂದೇಶದೊಳಗಿನ ಲಿಂಕಿಗೂ ಮುಂಚಿತ ಅನುಮತಿ ಬೇಕು. ಸ್ವಂತ ಫೋನಿನಿಂದ ಕಳುಹಿಸುವುದಾದರೆ ಕನ್ನಡದ ಒಂದು ಎಸ್‌ಎಂಎಸ್‌ಗೆ 70 ಅಕ್ಷರಸ್ಥಾನಗಳಷ್ಟೇ, ಒತ್ತು, ಕಾಗುಣಿತವೆಲ್ಲ ಅದರಲ್ಲೇ ಎಣಿಕೆ. ಕೀಪ್ಯಾಡ್ ಫೋನಿನವರಿಗೆ ಜಾಗ, ಗಂಟೆ, ನಂಬರು ಇಷ್ಟನ್ನೇ ಕಳುಹಿಸಿ, ಮಿಕ್ಕದ್ದನ್ನು ಬಾಯಲ್ಲೇ ಹೇಳುವುದು ಸರಿ.

5. ಮೊದಲ ಆಹ್ವಾನ ಹೋದ ನಂಬರಿನಿಂದಲೇ ಬದಲಾವಣೆಯೂ ಹೋಗಲಿ

ಗುರುತಿಲ್ಲದ ನಂಬರಿನಿಂದ ‘ಹೊಸ ಲಿಂಕ್, ಒತ್ತಿ’ ಎಂದು ಬಂದರೆ ಈಗ ಯಾರೂ ಒತ್ತುವುದಿಲ್ಲ, ಒತ್ತಲೂಬಾರದು. ಹತ್ತು ಜನ ಕಾರ್ಯಕರ್ತರು ತಮ್ಮ ತಮ್ಮ ನಂಬರಿನಿಂದ ತಮಗೆ ತೋಚಿದಂತೆ ಬರೆದು ಕಳುಹಿಸಿದರೆ ಹತ್ತು ಬಗೆಯ ವಿಳಾಸಗಳು ಹುಟ್ಟುತ್ತವೆ. ಬರೆಯುವವರು ಒಬ್ಬರೇ, ಉಳಿದವರು ಅದನ್ನೇ ಅಕ್ಷರ ಬದಲಿಸದೆ ಮುಂದೆ ಕಳುಹಿಸುವುದು. ಆನ್‌ಲೈನ್ ಲಿಂಕನ್ನು ಊರಿಗೆಲ್ಲ ಕಾಣುವ ಕಡೆ ಹಾಕುವ ಆತುರವೂ ಬೇಡ, ಕಿಡಿಗೇಡಿಗಳು ಒಳಗೆ ನುಗ್ಗಿ ಸಭೆ ಕೆಡಿಸಿದ ಉದಾಹರಣೆಗಳು ಬೇಕಾದಷ್ಟಿವೆ.

6. ಹಳೆಯ ಜಾಗದಲ್ಲಿ ಒಬ್ಬರು ನಿಂತಿರಲೇಬೇಕು

ಬರೆಯಲು ಕೂತದ್ದೇ ಈ ಪಾಠಕ್ಕಾಗಿ. ಎಷ್ಟೇ ಸಂದೇಶ ಕಳುಹಿಸಿದರೂ, ಎಷ್ಟೇ ಫೋನ್ ಮಾಡಿದರೂ ಹಳೆಯ ವಿಳಾಸಕ್ಕೇ ಬರುವವರು ಇದ್ದೇ ಇರುತ್ತಾರೆ. ಪತ್ರಿಕೆಯಲ್ಲಿ ‘ನಗರದಲ್ಲಿ ಇಂದು’ ನೋಡಿ ಬಂದವರ ನಂಬರು ನಮ್ಮಲ್ಲಿಲ್ಲ. ಗೆಳೆಯರು ಕರೆದರೆಂದು ಬಂದವರ ನಂಬರೂ ಇಲ್ಲ. ಅವರನ್ನು ತಲುಪಲು ಇರುವ ಒಂದೇ ದಾರಿ ಹಳೆಯ ಬಾಗಿಲು.

ಅಂದು ಇಬ್ಬರನ್ನು ಗಾಂಧಿ ಬಜಾರಿನಲ್ಲಿ ನಿಲ್ಲಿಸಿದೆವು. ಗೇಟಿಗೆ ಡ್ರಾಯಿಂಗ್ ಹಾಳೆ ಅಂಟಿಸಿ, ದಪ್ಪ ಮಾರ್ಕರಿನಲ್ಲಿ ಹೊಸ ವಿಳಾಸ, ಎರಡು ಫೋನ್ ನಂಬರು ಬರೆದರು. ಮಳೆಯ ದಿನವಾದ್ದರಿಂದ ಹಾಳೆಯನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿದ್ದರು. ಒಬ್ಬರು ಗೇಟಿನಲ್ಲಿದ್ದರೆ ಇನ್ನೊಬ್ಬರು ಬಂದವರನ್ನು ಇಬ್ಬರು, ಮೂವರಂತೆ ಸೇರಿಸಿ ಆಟೊ ಹತ್ತಿಸಿದರು. ಆ ಆಟೊಗಳ ಬಾಡಿಗೆಯನ್ನು ಬಳಗವೇ ಕೊಟ್ಟಿತು. ನಮ್ಮ ಆಹ್ವಾನ ನಂಬಿ ಬಂದವರ ಹೆಚ್ಚಿನ ಖರ್ಚು ನಮ್ಮದಾಗಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ. ಅಲ್ಲಿದ್ದ ಕಾವಲುಗಾರರಿಗೂ ಹೊಸ ವಿಳಾಸ ಬರೆದ ಚೀಟಿ ಕೊಟ್ಟಿದ್ದೆವು. ನಮ್ಮವರು ಅಲ್ಲಿಂದ ಹೊರಟದ್ದು 11.15ಕ್ಕೆ, ಹಾಳೆ ಸಂಜೆಯವರೆಗೂ ಇತ್ತು.

ಲಿಂಕಿನ ವಿಷಯದಲ್ಲಿ ಇದನ್ನೇ ಜನ ಮರೆಯುತ್ತಾರೆ. ಹೊಸ ಲಿಂಕ್ ಕಳುಹಿಸಿದೊಡನೆ ಹಳೆಯ ಸಭೆಯನ್ನು ಅಳಿಸಿಬಿಡುತ್ತಾರೆ. ಆಗ ಹಳೆಯ ಲಿಂಕ್ ಒತ್ತಿದವರಿಗೆ ತಪ್ಪಾದ ಸಭೆ ಎಂದೋ ಮತ್ತೇನೋ ಕಾಣುತ್ತದೆ, ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳುವುದಿಲ್ಲ. ಹಳೆಯ ಸಭೆ ನಮ್ಮ ಕೈಯಲ್ಲಿದ್ದರೆ ಅದನ್ನು ತೆರೆದಿಟ್ಟು ಒಬ್ಬರು ಅಲ್ಲೇ ಕೂತಿರಬೇಕು. ಹೊಸ ಲಿಂಕನ್ನು ಚಾಟಿನಲ್ಲಿ ಒಮ್ಮೆ ಹಾಕಿ ಸುಮ್ಮನಾದರೆ ಸಾಲದು, ತಡವಾಗಿ ಬಂದವರಿಗೆ ಸಾಮಾನ್ಯವಾಗಿ ಹಿಂದಿನ ಚಾಟ್ ಕಾಣುವುದಿಲ್ಲ. ಒಬ್ಬೊಬ್ಬರು ಬಂದಾಗಲೂ ಮತ್ತೆ ಅಂಟಿಸುತ್ತಿರಬೇಕು. ಪರದೆಯ ಮೇಲೂ ದೊಡ್ಡ ಅಕ್ಷರದಲ್ಲಿ ತೋರಿಸುತ್ತಿದ್ದರೆ ಇನ್ನೂ ಒಳ್ಳೆಯದು.

ಆದರೆ ಅಂದು ಹಳೆಯ ಝೂಮ್ ಸಭೆಯ ಬೀಗ ರೈಲಿನಲ್ಲಿತ್ತು. ಬಂದವರೆಲ್ಲ ಆತಿಥೇಯರಿಗಾಗಿ ಕಾಯಿರಿ ಎಂಬ ಪರದೆ ನೋಡುತ್ತ ಕೂತರು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೇಸಿಗೆಯ ದಿನಗಳಲ್ಲಿ ನಮ್ಮ ಸಂಜೆ 7.30 ಎಂದರೆ ಬೆಳಿಗ್ಗೆ 10. ಅಲ್ಲಿನ ಕನ್ನಡಿಗರು ಹೆಚ್ಚಾಗಿ ಕ್ಯಾಲೆಂಡರಿನಿಂದಲೇ ಲಿಂಕ್ ಒತ್ತುತ್ತಾರೆ, ವಾಟ್ಸ್ಯಾಪ್ ಗುಂಪು ನೋಡುವುದು ಆಮೇಲೆ. ಗೂಗಲ್ ಕ್ಯಾಲೆಂಡರಿನ ಆಹ್ವಾನ ಅದೃಷ್ಟಕ್ಕೆ ನನ್ನ ಖಾತೆಯದು. ಅದೇ ನಮೂದನ್ನು ತೆರೆದು ಲಿಂಕ್ ಬದಲಿಸಿ, ಅತಿಥಿಗಳಿಗೆ ತಿಳಿಸಬೇಕೇ ಎಂದು ಕೇಳಿದಾಗ ಹೌದು ಎಂದೆ. ಹಳೆಯದನ್ನು ಹಾಗೇ ಬಿಟ್ಟು ಹೊಸ ನಮೂದು ಮಾಡಿದ್ದರೆ, ಶುರುವಾಗಲು ಹತ್ತು ನಿಮಿಷವಿರುವಾಗ ಹಳೆಯ ಲಿಂಕೇ ಎಲ್ಲರ ಫೋನಿನಲ್ಲಿ ಗಂಟೆ ಬಾರಿಸುತ್ತಿತ್ತು. ಆ ಗಂಟೆಯ ಮುಂದೆ ನಮ್ಮ ಯಾವ ಸಂದೇಶವೂ ನಿಲ್ಲದು. ನಮೂದಿನ ವಿವರಣೆಯಲ್ಲಿ ಹಳೆಯ ಝೂಮ್ ಲಿಂಕ್ ಇನ್ನೊಮ್ಮೆ ಬರೆದಿದ್ದರೆ ಅದನ್ನೂ ಅಳಿಸಬೇಕು. ಮೇಲೆ ಒಂದು, ಕೆಳಗೆ ಒಂದು ಇದ್ದರೆ ಜನ ಪರಿಚಿತವಾದದ್ದನ್ನೇ ಒತ್ತುತ್ತಾರೆ.

7. ಬದಲಾಗಬಲ್ಲದ್ದನ್ನು ಆಹ್ವಾನದ ಮೇಲೆ ಅಚ್ಚು ಹಾಕಿಸಬೇಡಿ

ಆ ಸಂಜೆಯ ಬಳಿಕ ನಮ್ಮ ಆಹ್ವಾನಗಳಲ್ಲಿ ಸಭೆಯ ಲಿಂಕನ್ನು ನೇರವಾಗಿ ಕೊಡುವುದನ್ನು ನಿಲ್ಲಿಸಿದೆವು. ಎಲ್ಲರೂ ನೋಡಬಹುದಾದ, ನಾವಷ್ಟೇ ತಿದ್ದಬಹುದಾದ ಒಂದು ಗೂಗಲ್ ಡಾಕ್ ಮಾಡಿ ಅದರ ಲಿಂಕನ್ನೇ ಕೊಡುತ್ತೇವೆ, ಕ್ಯೂಆರ್ ಕೋಡ್ ಕೂಡ ಅದರದ್ದೇ. ಅದರಲ್ಲಿ ಜಾಗ, ಮ್ಯಾಪು, ಆನ್‌ಲೈನ್ ಲಿಂಕು, ತಿದ್ದಿದ ಗಂಟೆ ಇಷ್ಟೇ ಇರುತ್ತವೆ. ಲಿಂಕ್ ಬದಲಾದರೆ ಒಂದು ಕಡೆ ತಿದ್ದಿದರೆ ಸಾಕು, ಸುತ್ತುತ್ತಿರುವ ಹಳೆಯ ಆಹ್ವಾನವೆಲ್ಲ ಹೊಸ ಜಾಗಕ್ಕೇ ಕರೆದೊಯ್ಯುತ್ತದೆ. ಒಂದು ಒತ್ತಿನ ಬದಲು ಎರಡು ಒತ್ತಬೇಕಲ್ಲ ಎಂದು ಕೆಲವರು ಗೊಣಗಿದ್ದುಂಟು. ಅದು ನಿಜ, ಆದರೂ ನಾನಿದನ್ನು ಬಿಡುವುದಿಲ್ಲ. ಡಾಕ್ ತಿದ್ದುವ ಅನುಮತಿ ಮೂವರಲ್ಲಿದೆ, ಮೂವರೂ ಒಂದೇ ರೈಲಿನಲ್ಲಿರುವುದಿಲ್ಲ ಎಂಬ ಲೆಕ್ಕದಲ್ಲಿ.

ಝೂಮ್ ಬಳಸುವಾಗ ಆರು ಅಂಕಿಯ ಹೋಸ್ಟ್ ಕೀ ಇನ್ನಿಬ್ಬರ ಹತ್ತಿರ ಬರೆದಿಟ್ಟಿರುತ್ತದೆ. ಆತಿಥೇಯರಿಗಿಂತ ಮೊದಲು ಒಳಗೆ ಬರಬಹುದು ಎಂಬ ಆಯ್ಕೆಯನ್ನು ತೆರೆದಿಟ್ಟಿದ್ದರೆ, ಒಳಗೆ ಹೋದವರು ಆ ಅಂಕಿ ಕೊಟ್ಟು ಸಭೆಯನ್ನು ತಮ್ಮ ಕೈಗೆ ತೆಗೆದುಕೊಳ್ಳಬಹುದು. ಅಂದು ಇದು ಇದ್ದಿದ್ದರೆ ಲಿಂಕನ್ನು ಬದಲಿಸುವ ಪ್ರಮೇಯವೇ ಬರುತ್ತಿರಲಿಲ್ಲ. ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳೂ ಮರುಕಳಿಸುವ ನಮೂದಾದರೆ, ತಿದ್ದುವಾಗ ಈ ಒಂದು ಸಭೆಗೆ ಮಾತ್ರ ಎಂಬುದನ್ನು ಆರಿಸಬೇಕು. ಮುಂದಿನವಕ್ಕೂ ಎಂದು ಒತ್ತಿದ್ದರೆ ಮಾರನೆಯ ದಿನವೇ ಕೂತು ಸರಿಪಡಿಸಬೇಕು, ಇಲ್ಲದಿದ್ದರೆ ಮುಂದಿನ ತಿಂಗಳು ಎಲ್ಲರೂ ಆ ತಾತ್ಕಾಲಿಕ ಲಿಂಕಿನ ಬಾಗಿಲಲ್ಲಿ ನಿಂತಿರುತ್ತಾರೆ.